ಬಾಟಲಿಗೆ ಆರು ರೂಪಾಯಿ: ಕಟ್ಟುವವರು ಯಾರು, ಹೊರುವವರು ಯಾರು?

ಸರಕಿನ ಬೆಲೆ ಎಷ್ಟೇ ಇರಲಿ, ಲೀಟರಿಗೆ ಇಷ್ಟು, ಬಾಟಲಿಗೆ ಇಷ್ಟು ಎಂದು ವಿಧಿಸುವ ತೆರಿಗೆಗೆ ಘಟಕ ತೆರಿಗೆ ಎನ್ನುತ್ತಾರೆ. ಪೆಟ್ರೋಲಿನ ಮೇಲಿನ ಕೇಂದ್ರ ಅಬಕಾರಿ ಸುಂಕ ಈ ಬಗೆಯದು. ಇದನ್ನು ಸರಕಾರಕ್ಕೆ ಕಟ್ಟುವುದು ಒಬ್ಬರಾದರೂ ಹೊರೆ ಅವರೊಬ್ಬರ ಮೇಲೆಯೇ ಬೀಳುವುದಿಲ್ಲ.

ಒಂದು ಊರಿನ ಸೋಡಾ ಮಾರುಕಟ್ಟೆಯನ್ನು ಊಹಿಸಿಕೊಳ್ಳಬಹುದು. ನಕ್ಷೆಯ ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಬಾಟಲಿಗಳ ಸಂಖ್ಯೆ. ಬೇಡಿಕೆ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ, ಪೂರೈಕೆ ರೇಖೆ ಏರುತ್ತದೆ. ಎರಡೂ ಕೂಡುವಲ್ಲಿ ಬೆಲೆ 20 ರೂಪಾಯಿ, ದಿನದ ಮಾರಾಟ 1000 ಬಾಟಲಿ. ಬೆಲೆ ಒಂದು ರೂಪಾಯಿ ಏರಿದರೆ ಕೊಳ್ಳುವವರು 50 ಬಾಟಲಿ ಕಡಿಮೆ ಕೊಳ್ಳುತ್ತಾರೆ; ಕೈಗೆ ಸಿಗುವ ಹಣ ಒಂದು ರೂಪಾಯಿ ಇಳಿದರೆ ಮಾರುವವರು 100 ಬಾಟಲಿ ಕಡಿಮೆ ತರುತ್ತಾರೆ.

ಈಗ ಬಾಟಲಿಗೆ 6 ರೂಪಾಯಿ ತೆರಿಗೆ ಬಿತ್ತು. ಎರಡು ರೇಖೆಗಳ ನಡುವಿನ ಅಂತರ ಸರಿಯಾಗಿ 6 ರೂಪಾಯಿ ಆಗುವ ಜಾಗಕ್ಕೆ ಮಾರಾಟ ಹಿಂದೆ ಸರಿಯುತ್ತದೆ. ಆ ಜಾಗ 800 ಬಾಟಲಿ. ಅಲ್ಲಿ ಕೊಳ್ಳುವವರು 24 ರೂಪಾಯಿ ಕೊಡುತ್ತಾರೆ, ಮಾರುವವರಿಗೆ 18 ರೂಪಾಯಿ ಉಳಿಯುತ್ತದೆ. ಅಂದರೆ ಹೊರೆಯಲ್ಲಿ 4 ರೂಪಾಯಿ ಗಿರಾಕಿಯದು, 2 ರೂಪಾಯಿ ವ್ಯಾಪಾರಿಯದು. ತೆರಿಗೆಯನ್ನು ಗಿರಾಕಿಯೇ ನೇರವಾಗಿ ಕಟ್ಟಬೇಕೆಂದು ಕಾನೂನು ಬದಲಿಸಿದರೂ ಈ ಲೆಕ್ಕ ಕದಲುವುದಿಲ್ಲ. ಹಂಚಿಕೆಯನ್ನು ತೀರ್ಮಾನಿಸುವುದು ರೇಖೆಗಳ ಇಳಿಜಾರು: ಬೆಲೆ ಬದಲಾದಾಗ ಯಾರು ಕಡಿಮೆ ಬಗ್ಗುತ್ತಾರೋ ಅವರಿಗೆ ಹೆಚ್ಚು ಹೊರೆ. ಬ್ರಿಟಿಷರ ಕಾಲದಲ್ಲಿ ಮಣದ ಲೆಕ್ಕದಲ್ಲಿ ಹಾಕುತ್ತಿದ್ದ ಉಪ್ಪಿನ ತೆರಿಗೆ ಬಡವರನ್ನು ಹಿಂಡಿದ್ದು ಇದೇ ಕಾರಣಕ್ಕೆ. ಬೆಲೆ ಏರಿತೆಂದು ಉಪ್ಪಿಲ್ಲದೆ ಉಣ್ಣುವವರು ಯಾರೂ ಇಲ್ಲ.

ಸರಕಾರಕ್ಕೆ ಬಂದದ್ದು 800 ಬಾಟಲಿಗೆ ಆರರಂತೆ 4800 ರೂಪಾಯಿ. ಆದರೆ ಮಾರಾಟವಾಗದೆ ಹೋದ 200 ಬಾಟಲಿಗಳ ಕತೆ ಬೇರೆ. ಅವುಗಳಲ್ಲಿ ಮೊದಲನೆಯದಕ್ಕೆ ಗಿರಾಕಿ ಸುಮಾರು 24 ರೂಪಾಯಿ ಕೊಡಲು ಸಿದ್ಧ, ವ್ಯಾಪಾರಿ 18ಕ್ಕೆ ಮಾರಲು ಸಿದ್ಧ. ಇಬ್ಬರ ನಡುವೆ ಹುಟ್ಟಬೇಕಿದ್ದ 6 ರೂಪಾಯಿ ಲಾಭ ಹುಟ್ಟಲೇ ಇಲ್ಲ. ಸಾವಿರನೆಯ ಬಾಟಲಿಗೆ ಬರುವ ಹೊತ್ತಿಗೆ ಈ ಲಾಭ ಸೊನ್ನೆಗೆ ಇಳಿದಿರುತ್ತದೆ. ಸರಾಸರಿ 3 ರೂಪಾಯಿಯಂತೆ ಒಟ್ಟು 600. ನಕ್ಷೆಯಲ್ಲಿ ಎರಡು ರೇಖೆಗಳ ನಡುವಿನ ಪುಟ್ಟ ತ್ರಿಕೋನವೇ ಇದು. ಅರ್ಥಶಾಸ್ತ್ರಜ್ಞ ಆರ್ನಾಲ್ಡ್ ಹಾರ್ಬರ್ಗರ್ ಹೆಸರಿನಲ್ಲಿ ಪ್ರಸಿದ್ಧ. ಗಿರಾಕಿಗೂ ಇಲ್ಲ, ವ್ಯಾಪಾರಿಗೂ ಇಲ್ಲ, ಖಜಾನೆಗೂ ಇಲ್ಲದ ನಿವ್ವಳ ನಷ್ಟ.

ತೆರಿಗೆಯನ್ನು 12 ರೂಪಾಯಿಗೆ ಏರಿಸಿದರೆ ಮಾರಾಟ 600ಕ್ಕೆ ಇಳಿಯುತ್ತದೆ. ವರಮಾನ 7200 ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ನಷ್ಟ ಮಾತ್ರ 2400, ನಾಲ್ಕು ಪಟ್ಟು. ತ್ರಿಕೋನದ ಎತ್ತರ, ಅಗಲ ಎರಡೂ ಒಟ್ಟಿಗೆ ಬೆಳೆಯುವುದೇ ಕಾರಣ.

ಸ್ಪರ್ಧೆಯಿರುವ ಮಾರುಕಟ್ಟೆಗೆ ಈ ಲೆಕ್ಕ ಹೊಂದುತ್ತದೆ. ಸಿಗರೇಟಿನಂಥ ಸರಕಿನಲ್ಲಿ ತ್ರಿಕೋನವನ್ನು ಹಾಗೇ ನಷ್ಟವೆಂದು ಬರೆದುಕೊಳ್ಳಲಾಗದು. ಸೇದುವವರ ಪಕ್ಕದಲ್ಲಿ ಕುಳಿತು ಹೊಗೆ ಕುಡಿಯುವವರ ಹಾನಿ ಬೇಡಿಕೆ ರೇಖೆಯಲ್ಲೂ ಇಲ್ಲ, ಪೂರೈಕೆ ರೇಖೆಯಲ್ಲೂ ಇಲ್ಲ. ಮಾರಾಟ ಇಳಿದಾಗ ಆ ಹಾನಿಯೂ ಇಳಿಯುತ್ತದೆ.