ಸುಟ್ಟ ವಾಸನೆ ಅರ್ಜಿಯಾದಾಗ

"ಆ ಬೋರ್ಡ್ ಮತ್ತೆ ಸುಟ್ಟ ವಾಸನೆ ಬರ್ತಿದೆ." "ಕೆಟಲ್ ಹಾಕಿದ್ರೆ ಚಟಚಟ ಅನ್ನುತ್ತೆ." "ಹೋದ ವಾರಾನೇ ಹೇಳಿದ್ದೆ, ಯಾರು ಕೇಳ್ತಾರೆ?"

ಕಚೇರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಮಾತು ದಿನವೂ ಹರಿದಾಡುತ್ತದೆ. ಇವುಗಳಲ್ಲಿ ಸುಳ್ಳಿಲ್ಲ. ಆದರೆ ಯಾವ ಮಹಡಿ, ಯಾವ ಬೋರ್ಡ್ ಎಂಬುದೂ ಇಲ್ಲ. ಹುಡುಕಿಕೊಂಡು ಬಂದ ಎಲೆಕ್ಟ್ರಿಷಿಯನ್‌ಗೆ ಕೆಟಲ್ ಆರಿರುವಾಗ ತಣ್ಣಗಿರುವ ಬೋರ್ಡ್ ಸಿಗುತ್ತದೆ. ಅವರು ‘ಸರಿಯಾಗಿದೆ’ ಎಂದು ಬರೆದು ಹೋಗುತ್ತಾರೆ.

ಅಪಾಯ ಎಲ್ಲಿದೆ ಎಂಬುದನ್ನು ಲೆಕ್ಕವೇ ಹೇಳುತ್ತದೆ. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬೋರ್ಡ್ 230 ವೋಲ್ಟ್‌ನಲ್ಲಿ ಸುಮಾರು 1380 ವ್ಯಾಟ್ ತಾಳಬಲ್ಲದು. ಕೆಟಲ್ ಒಂದೇ 1500 ವ್ಯಾಟ್‌ನದಾಗಿದ್ದರೆ ಮಿತಿ ಆಗಲೇ ದಾಟಿತು. ಸಾಕೆಟ್‌ನ ಹಿಡಿತ ಸಡಿಲವಾಗಿದ್ದರೆ ಆ ಜಾಗದಲ್ಲೇ ಬಿಸಿ ಹೆಚ್ಚಿ ಪ್ಲಾಸ್ಟಿಕ್ ಕಂದುತ್ತದೆ.

"ಅಪಾಯ ಇದ್ದಿದ್ದರೆ ಎಂಸಿಬಿ ಬೀಳ್ತಿತ್ತಲ್ಲ" ಎಂಬ ಉತ್ತರ ಇಲ್ಲಿ ಸಲ್ಲದು. ಎಂಸಿಬಿ ನೋಡುವುದು ಇಡೀ ಸಾಲಿನಲ್ಲಿ ಹರಿಯುವ ವಿದ್ಯುತ್ತನ್ನು. ಆ ಸಾಲಿಗೆ 16 ಆಂಪಿಯರ್‌ನದನ್ನು ಹಾಕಿದ್ದರೆ, 6 ಆಂಪಿಯರ್‌ನ ಬೋರ್ಡ್ ಕರಗುತ್ತಿದ್ದರೂ ಅದು ಸುಮ್ಮನಿರಬಹುದು.

ಮೇಲಿನ ಮೂರು ಸಾಲುಗಳನ್ನೇ ಫೆಸಿಲಿಟೀಸ್ ವಿಭಾಗಕ್ಕೆ ಹೀಗೆ ಬರೆಯಬಹುದು:

"ವಿಷಯ: 3ನೇ ಮಹಡಿಯ ಪ್ಯಾಂಟ್ರಿ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗುತ್ತಿರುವುದು. ಕೆಟಲ್ (1500 ವ್ಯಾಟ್) ಹಾಕಿದಾಗ ಬೋರ್ಡ್‌ನಿಂದ (6 ಆಂಪಿಯರ್) ಚಟಚಟ ಸದ್ದು, ಸುಟ್ಟ ವಾಸನೆ ಬರುತ್ತಿದೆ. ಎರಡನೇ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದೆ, ಫೋಟೊ ಲಗತ್ತಿಸಿದೆ. ಕಳೆದ ಸೋಮವಾರ ಬಾಯಿಮಾತಿನಲ್ಲಿ ತಿಳಿಸಲಾಗಿತ್ತು. ಸದ್ಯ ಬೋರ್ಡನ್ನು ಗೋಡೆಯ ಸ್ವಿಚ್‌ನಲ್ಲೇ ಆರಿಸಿ, ‘ಬಳಸಬೇಡಿ’ ಎಂಬ ಚೀಟಿ ಅಂಟಿಸಿದ್ದೇವೆ. ದಯವಿಟ್ಟು ಈ ಬೋರ್ಡನ್ನು ತೆಗೆದು, ಗೋಡೆಯ ಸಾಕೆಟ್ ಪರೀಕ್ಷಿಸಿ, ಕೆಟಲ್‌ಗೆ ಪ್ರತ್ಯೇಕ 16 ಆಂಪಿಯರ್ ಸಾಕೆಟ್ ಒದಗಿಸಿ. ದೂರಿನ ಸಂಖ್ಯೆ ಮತ್ತು ಕೆಲಸ ನಡೆಯುವ ದಿನ ತಿಳಿಸಿ."

ಗುಂಪಿನ ಮಾತಿನಲ್ಲಿದ್ದ ವಾಸನೆ, ಸದ್ದು ಎರಡೂ ಅರ್ಜಿಯಲ್ಲಿ ಉಳಿದಿವೆ, ಏಕೆಂದರೆ ಅವು ಕಂಡುಂಡ ಸಂಗತಿಗಳು. ‘ಯಾರು ಕೇಳ್ತಾರೆ’ ಎಂಬ ಸಿಟ್ಟು, ಮೊದಲು ತಿಳಿಸಿದ ದಿನವಾಗಿ ಮಾರ್ಪಟ್ಟಿದೆ. ಓದುವವರು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ‘ವೈರಿಂಗ್ ಕಳಪೆ’ ಎಂಬ ಊಹೆಗೆ ಜಾಗವಿಲ್ಲ. ಊಹೆ ತಪ್ಪಾದರೆ ಇಡೀ ದೂರನ್ನೇ ತಳ್ಳಿಹಾಕಲು ಅದು ನೆಪವಾಗುತ್ತದೆ.

ಅರ್ಜಿ ಎಲ್ಲ ಹೊತ್ತಿಗೂ ಸಲ್ಲುವುದಿಲ್ಲ. ಹೊಗೆ ಅಥವಾ ಕಿಡಿ ಕಂಡರೆ, ಹತ್ತಿರ ಹೋಗುವುದು ಸುರಕ್ಷಿತವಾಗಿದ್ದರೆ ಮಾತ್ರ ವಿದ್ಯುತ್ ಆರಿಸಿ, ಎಲ್ಲರನ್ನೂ ದೂರ ಕಳಿಸಿ, ಕೂಡಲೇ ಫೋನ್ ಮಾಡಬೇಕು, ಬರಹ ಆಮೇಲೆ.

ಕೆಲಸ ಮುಗಿಯಿತೆಂಬ ಸಂದೇಶ ಬಂದಾಗಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ಎಲೆಕ್ಟ್ರಿಷಿಯನ್ ಅಲ್ಲೇ ಇರುವಾಗ ಹೊಸ ಸಾಕೆಟ್‌ನಲ್ಲಿ ಕೆಟಲ್ ತುಂಬ ನೀರು ಕುದಿಸಿ, ಸದ್ದು, ವಾಸನೆ, ಪ್ಲಗ್‌ನ ಬಿಸಿಯನ್ನು ಅವರಿಂದಲೇ ನೋಡಿಸಬೇಕು. ದೂರು ಮುಚ್ಚಲು ಒಪ್ಪಿಗೆ ಕೊಡುವುದು ಅದರ ನಂತರ.