ಅಂಚಿನ ಕಪ್ಪು ಗೆರೆ ಎಲ್ಲಿಂದ ಬಂತು?

ಕೆಂಪು ದಗಲೆ ತೊಟ್ಟ ಯಕ್ಷಗಾನ ವೇಷವೊಂದರ ಫೋಟೋ ಇದೆ. ಪೋಸ್ಟರ್ ಮಾಡುವವರು ಅದರ ಹಿನ್ನೆಲೆ ತೆಗೆದು ವೇಷವನ್ನಷ್ಟೇ ಉಳಿಸಿಕೊಂಡಿದ್ದಾರೆ. ಅವರ ಪರದೆಯಲ್ಲಿ ಅಂಚು ನುಣುಪಾಗಿದೆ, ಬಟ್ಟೆಯಿಂದ ಹೊರಚಾಚಿದ ನೂಲೆಳೆಗಳೂ ಉಳಿದಿವೆ. ಅದೇ ಫೈಲ್ ವಿಡಿಯೊ ಎಡಿಟರ್ ಕೈಗೆ ಹೋಗುತ್ತದೆ. ಅಲ್ಲಿ ಬಿಳಿ ಹಿನ್ನೆಲೆಯ ಮೇಲಿಟ್ಟರೆ ವೇಷದ ಸುತ್ತ ತೆಳ್ಳಗೆ ಕಪ್ಪು ಗೆರೆಯೊಂದು ಕಾಣುತ್ತದೆ. ಸರಿಯಾಗಿ ಕತ್ತರಿಸಿಲ್ಲ ಎಂದು ದೂರು ಹೋಗುತ್ತದೆ. ಕತ್ತರಿಸಿದವರು ಅಂಚನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸವರಿ ಮತ್ತೆ ಕಳಿಸುತ್ತಾರೆ. ಗೆರೆ ಹೋಗುತ್ತದೆ, ಜೊತೆಗೆ ನೂಲೆಳೆಗಳೂ ಹೋಗುತ್ತವೆ. ತಪ್ಪು ಕತ್ತರಿಸಿದ್ದರಲ್ಲಿ ಇರಲೇ ಇಲ್ಲ. ಫೈಲಿನೊಳಗಿನ ಅಂಕಿಗಳನ್ನು ಎರಡು ಸಾಫ್ಟ್‌ವೇರ್‌ಗಳು ಎರಡು ರೀತಿ ಓದಿಕೊಂಡಿದ್ದವು, ಅಷ್ಟೆ.

ಹಿನ್ನೆಲೆ ತೆಗೆದ ಚಿತ್ರದ ಒಂದೊಂದು ಪಿಕ್ಸೆಲ್‌ಗೂ ನಾಲ್ಕು ಅಂಕಿಗಳಿರುತ್ತವೆ. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎನ್ನುವ ಮೂರು, ನಾಲ್ಕನೆಯದು ಆಲ್ಫಾ. ಈ ಪಿಕ್ಸೆಲ್ ತನ್ನ ಹಿಂದಿರುವುದನ್ನು ಎಷ್ಟು ಮುಚ್ಚುತ್ತದೆ ಎಂಬುದನ್ನು ಆಲ್ಫಾ ಹೇಳುತ್ತದೆ. ಸಾಮಾನ್ಯ ಚಿತ್ರಗಳಲ್ಲಿ ನಾಲ್ಕೂ 0ಯಿಂದ 255ರವರೆಗೆ ಇರುತ್ತವೆ. ಆಲ್ಫಾ 255 ಇದ್ದರೆ ಹಿಂದಿನದು ಏನೂ ಕಾಣದು, 0 ಇದ್ದರೆ ಎಲ್ಲವೂ ಕಾಣುತ್ತದೆ. ವೇಷದ ನಡುಭಾಗದಲ್ಲಿ ಎಲ್ಲೆಲ್ಲೂ 255, ಹೊರಗೆ ಎಲ್ಲೆಲ್ಲೂ 0. ಅಂಚಿನಲ್ಲಿ ಮಾತ್ರ ನಡುವಿನ ಬೆಲೆಗಳು ಬರುತ್ತವೆ, ಏಕೆಂದರೆ ಅಲ್ಲಿ ಒಂದೇ ಪಿಕ್ಸೆಲಿನ ಅರ್ಧದಲ್ಲಿ ಬಟ್ಟೆ, ಇನ್ನರ್ಧದಲ್ಲಿ ಬಯಲು.

ಅಂಥ ಒಂದು ಪಿಕ್ಸೆಲ್ ತೆಗೆದುಕೊಳ್ಳೋಣ. ಬಟ್ಟೆಯ ಬಣ್ಣ ಕೆಂಪು 200, ಹಸಿರು 40, ನೀಲಿ 40. ಆಲ್ಫಾ 128, ಅಂದರೆ ಸರಿಸುಮಾರು ಅರ್ಧ. ಇದನ್ನು ಫೈಲಿನಲ್ಲಿ ಬರೆದಿಡಲು ಎರಡು ಪದ್ಧತಿಗಳಿವೆ. ಬಟ್ಟೆಯ ಬಣ್ಣವನ್ನು ಇದ್ದ ಹಾಗೆಯೇ 200, 40, 40 ಎಂದು ಬರೆದು, ಆಲ್ಫಾ 128 ಎಂದು ಪಕ್ಕದಲ್ಲಿ ಇಡುವುದು ಸ್ಟ್ರೇಟ್ ಪದ್ಧತಿ. ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ 100, 20, 20 ಎಂದು ಬರೆದು, ಅದೇ 128ನ್ನು ಪಕ್ಕದಲ್ಲಿ ಇಡುವುದು ಪ್ರಿಮಲ್ಟಿಪ್ಲೈಡ್ ಪದ್ಧತಿ. ಎರಡೂ ಹೇಳುವುದು ಒಂದೇ ಬಟ್ಟೆಯ ಬಗ್ಗೆ. ಹಿನ್ನೆಲೆಯ ಮೇಲೆ ಕೂರಿಸುವ ಲೆಕ್ಕ ಮಾತ್ರ ಬೇರೆ. ಇಲ್ಲಿ `A` ಎಂದರೆ 0ಯಿಂದ 1ರವರೆಗಿನ ಆಲ್ಫಾ, `F` ಬಟ್ಟೆಯ ಬಣ್ಣ, `P` ಮೊದಲೇ ಗುಣಿಸಿಟ್ಟ ಬಣ್ಣ, `B` ಹಿನ್ನೆಲೆ:

```
straight:       C = A × F + (1 − A) × B
premultiplied:  C = P + (1 − A) × B
```

ಅಂಗಡಿಯ ಬೆಲೆಚೀಟಿಯಲ್ಲೂ ಇದೇ ಗೊಂದಲ ಆಗಬಹುದು. 200 ರೂಪಾಯಿ ಸೀರೆಗೆ ಶೇಕಡ 50 ರಿಯಾಯಿತಿ. ಚೀಟಿಯಲ್ಲಿ ರಿಯಾಯಿತಿ ಕಳೆದು 100 ಎಂದು ಬರೆದಿದ್ದಾರೆ, ಪಕ್ಕದಲ್ಲಿ 50% ಎಂದೂ ಇದೆ. ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿಲ್ಲದಿದ್ದರೆ ಇನ್ನೊಮ್ಮೆ ಕಳೆದು 50ಕ್ಕೆ ಬಿಲ್ ಹಾಕುತ್ತಾರೆ. ಚೀಟಿಯಲ್ಲಿ ಮೂಲ ಬೆಲೆಯೇ ಇದ್ದು, ಕಳೆದಾಗಿದೆ ಎಂದು ಅವರು ಭಾವಿಸಿದರೆ ಗಿರಾಕಿ ಪೂರ್ತಿ 200 ಕೊಡಬೇಕಾಗುತ್ತದೆ.

ನಮ್ಮ ಪಿಕ್ಸೆಲಿಗೆ ಬಿಳಿಯ ಮೇಲೆ ಆಗುವುದೂ ಇದೇ. ಬಿಳಿ ಎಂದರೆ ಮೂರೂ 255. ಆಲ್ಫಾ 128 ಆದ್ದರಿಂದ ಹಿನ್ನೆಲೆಯ ಪಾಲು 127. ಸರಿಯಾಗಿ ಓದಿದರೆ ಫಲಿತ 227, 147, 147, ಅಂದರೆ ಬಟ್ಟೆಗೂ ಬಿಳಿಗೂ ನಡುವಿನ ತಿಳಿಗುಲಾಬಿ. ಪ್ರಿಮಲ್ಟಿಪ್ಲೈಡ್ ಫೈಲನ್ನು ಸ್ಟ್ರೇಟ್ ಎಂದು ತಿಳಿದು ಓದಿದರೆ 100 ಮತ್ತೊಮ್ಮೆ ಅರ್ಧಕ್ಕಿಳಿದು 50 ಆಗುತ್ತದೆ, ಫಲಿತ 177, 137, 137. ಅದು ಮಾಸಲು ಕಂದು ಬಣ್ಣ, ಬಟ್ಟೆಯಲ್ಲೂ ಇಲ್ಲದ್ದು, ಬಿಳಿಯಲ್ಲೂ ಇಲ್ಲದ್ದು. ವೇಷದ ಸುತ್ತ ಕಂಡ ಗೆರೆ ಇಂಥ ಪಿಕ್ಸೆಲ್‌ಗಳ ಸಾಲು. ತಿರುವುಮುರುವಾಗಿ, ಸ್ಟ್ರೇಟ್ ಫೈಲನ್ನು ಪ್ರಿಮಲ್ಟಿಪ್ಲೈಡ್ ಎಂದು ಓದಿದರೆ 200ಕ್ಕೆ 127 ಸೇರಿ 327 ಆಗಬೇಕು. 255ಕ್ಕಿಂತ ಮೇಲೆ ಜಾಗವಿಲ್ಲದ ಕಾರಣ ಅಲ್ಲಿಗೇ ನಿಂತು 255, 167, 167 ಬರುತ್ತದೆ. ಅಂಚು ಹೊಳೆಯುತ್ತದೆ, ಗರಗಸದಂತೆ ಒರಟಾಗುತ್ತದೆ.

ಗುಣಾಕಾರ ಎರಡು ಸಲ ನಡೆದರೂ ನಡುಭಾಗಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಗುಣಿಸುವುದು ಒಂದರಿಂದ. ಆಲ್ಫಾ ಅರ್ಧದಷ್ಟಿರುವಲ್ಲಿ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದಲೇ ದೋಷ ಕಾಣುವುದು ಕೂದಲು, ಗಾಜು, ಹೊಗೆ, ಮೃದು ನೆರಳು ಇಂಥವುಗಳಲ್ಲಿ. ಕಪ್ಪು ಹಿನ್ನೆಲೆಯ ಮೇಲೆ ಅದು ಅಡಗಿ ಕೂರುತ್ತದೆ. ನಮ್ಮ ಪಿಕ್ಸೆಲ್ ಅಲ್ಲಿ 100, 20, 20 ಆಗಬೇಕಾದದ್ದು 50, 10, 10 ಆಗುತ್ತದೆ. ಕಪ್ಪಿನ ಪಕ್ಕದಲ್ಲಿ ಇನ್ನಷ್ಟು ಕಪ್ಪಾದರೆ ಯಾರ ಕಣ್ಣಿಗೂ ಬೀಳದು. ಕಪ್ಪು ಹಿನ್ನೆಲೆಯಲ್ಲಿ ನೋಡಿ ಒಪ್ಪಿಗೆ ಕೊಟ್ಟ ಚಿತ್ರ ಬಿಳಿಯ ಮೇಲೆ ಹೋದಾಗಲೇ ಜಗಳ ಶುರುವಾಗುವುದು ಇದಕ್ಕೇ.

ಎರಡು ಪದ್ಧತಿ ಯಾಕೆ ಬೇಕಿತ್ತು? ಆಲ್ಫಾ ಎಂಬ ನಾಲ್ಕನೆಯ ಅಂಕಿಯನ್ನು ಚಿತ್ರದ ಜೊತೆಗೇ ಇಡುವ ಯೋಚನೆ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮುಲ್ ಅವರದು. 1984ರಲ್ಲಿ ಲ್ಯೂಕಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್, ಚಿತ್ರದ ಮೇಲೆ ಚಿತ್ರ ಪೇರಿಸುವ ಲೆಕ್ಕವನ್ನು ಒಂದು ಪ್ರಬಂಧದಲ್ಲಿ ಕ್ರಮಬದ್ಧವಾಗಿ ಇಟ್ಟರು. ಬಣ್ಣವನ್ನು ಮೊದಲೇ ಗುಣಿಸಿಡಿ ಎಂದು ಹೇಳಿದವರು ಅವರು. ಪ್ರತಿ ಸಲ ಪೇರಿಸುವಾಗ ಬಣ್ಣಕ್ಕೊಂದರಂತೆ ಗುಣಾಕಾರ ಉಳಿಯುತ್ತದೆ, ಹತ್ತಾರು ಪದರ ಪೇರಿಸಿದರೂ ಸೂತ್ರ ಕೆಡುವುದಿಲ್ಲ. ಸಿನಿಮಾದವರು ಬಳಸುವ ಓಪನ್‌ಇಎಕ್ಸ್‌ಆರ್ ಫೈಲುಗಳಲ್ಲಿ ಇಂದಿಗೂ ಇದೇ ವಾಡಿಕೆ. ಆದರೆ 1996ರಲ್ಲಿ ಬಂದ ಪಿಎನ್‌ಜಿ ಬೇರೆ ದಾರಿ ಹಿಡಿಯಿತು, ಅದರ ನಿಯಮದ ಪ್ರಕಾರ ಬಣ್ಣ ಸ್ಟ್ರೇಟ್ ಆಗಿಯೇ ಇರಬೇಕು. ಮೊದಲೇ ಗುಣಿಸಿದರೆ ತೀರಾ ತೆಳುವಾದ ಜಾಗಗಳಲ್ಲಿ ಬಣ್ಣ ಕಳೆದುಹೋಗುತ್ತದೆ. ಆಲ್ಫಾ 2 ಇರುವಲ್ಲಿ ಗುಣಿಸಿದ ಬಣ್ಣಕ್ಕೆ 0, 1, 2 ಎಂಬ ಮೂರೇ ಬೆಲೆಗಳು ಸಾಧ್ಯ, ಮೂಲ ಬಣ್ಣವನ್ನು ಅದರಿಂದ ಮರಳಿ ಪಡೆಯಲಾಗದು.

ಇಬ್ಬರ ಕಾರಣವೂ ಸರಿಯೇ. ತೊಂದರೆ ಬರುವುದು ಒಂದು ಲೋಕದ ಫೈಲ್ ಇನ್ನೊಂದಕ್ಕೆ ದಾಟುವಾಗ. ಸಾಫ್ಟ್‌ವೇರ್ ತನ್ನೊಳಗೆ ಗುಣಿಸಿಟ್ಟುಕೊಂಡ ಬಣ್ಣವನ್ನು ಮತ್ತೆ ಭಾಗಿಸದೆ ಹಾಗೆಯೇ ಪಿಎನ್‌ಜಿಯಾಗಿ ಉಳಿಸಿಬಿಟ್ಟರೆ, ನಿಯಮದಂತೆ ಓದುವ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಕಪ್ಪು ಗೆರೆ ಬರುತ್ತದೆ. ಆಲ್ಫಾ ಇರುವ ವಿಡಿಯೊ ಫೈಲುಗಳು ಎರಡೂ ಬಗೆಯಲ್ಲಿ ಕೈಗೆ ಬರುತ್ತವೆ.

ಯಾರೂ ತಪ್ಪಾಗಿ ಓದದೆಯೂ ಗೆರೆ ಬರುವ ಇನ್ನೊಂದು ಸಂದರ್ಭವಿದೆ, ಅದು ಚಿತ್ರವನ್ನು ಚಿಕ್ಕದು ಮಾಡುವಾಗ. ಪಕ್ಕಪಕ್ಕದ ಎರಡು ಪಿಕ್ಸೆಲ್ ಸೇರಿ ಒಂದಾಗಬೇಕು. ಒಂದು ಗಟ್ಟಿ ಕೆಂಪು: 200, 40, 40, ಆಲ್ಫಾ 255. ಇನ್ನೊಂದು ಖಾಲಿ: ನಾಲ್ಕೂ 0. ಸುಮ್ಮನೆ ಸರಾಸರಿ ತೆಗೆದರೆ 100, 20, 20, ಆಲ್ಫಾ 128. ಇದನ್ನು ಪ್ರಿಮಲ್ಟಿಪ್ಲೈಡ್ ಎಂದು ಓದಿದರೆ ಸರಿಯುತ್ತರ, ಅರ್ಧ ಮುಚ್ಚಿದ ಅದೇ ಕೆಂಪು. ಸ್ಟ್ರೇಟ್ ಎಂದು ಓದಿದರೆ ಬಟ್ಟೆಯ ಬಣ್ಣವೇ 100ಕ್ಕೆ ಇಳಿಯಿತು ಎಂದಾಯಿತು. ಕಾಣದ ಪಿಕ್ಸೆಲಿನ ಕಪ್ಪು ಕಾಣುವ ಪಿಕ್ಸೆಲಿಗೆ ಅಂಟಿಕೊಂಡಿತು. ಗಾತ್ರ ಬದಲಿಸುವುದು, ತಿರುಗಿಸುವುದು, ಮಸುಕು ಮಾಡುವುದು ಇವನ್ನೆಲ್ಲ ಗುಣಿಸಿದ ಬಣ್ಣದ ಮೇಲೆಯೇ ಮಾಡಬೇಕು. ಹಾಗೆ ಮಾಡುವ ಸಾಫ್ಟ್‌ವೇರಿಗೂ ಮಾಡದ ಸಾಫ್ಟ್‌ವೇರಿಗೂ ಒಂದೇ ನಿರ್ದೋಷ ಪಿಎನ್‌ಜಿ ಕೊಟ್ಟು ಅರ್ಧ ಗಾತ್ರಕ್ಕೆ ಇಳಿಸಿ ನೋಡಿ, ಅಂಚು ಎರಡು ಬಗೆಯಾಗಿ ಕಾಣುತ್ತದೆ. ಬಣ್ಣ ತಿದ್ದುವಾಗ ಮಾತ್ರ ಇದಕ್ಕೆ ವಿರುದ್ಧ: ಮೊದಲು ಆಲ್ಫಾದಿಂದ ಭಾಗಿಸಿ ಮೂಲ ಬಣ್ಣ ತೆಗೆದು, ತಿದ್ದಿ, ಮತ್ತೆ ಗುಣಿಸಬೇಕು. ನ್ಯೂಕ್‌ನಲ್ಲಿ `Unpremult`, `Premult` ಎಂಬ ಎರಡು ನೋಡ್‌ಗಳು ಇರುವುದು ಇದಕ್ಕಾಗಿ.

ಕೈಗೆ ಬಂದ ಫೈಲ್ ಯಾವ ಬಗೆಯದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಪ್ಪಿನೊಡನೆ ಗುಣಿಸಿದ ಚಿತ್ರದಲ್ಲಿ ಯಾವ ಬಣ್ಣವೂ ಆಲ್ಫಾವನ್ನು ಮೀರುವುದಿಲ್ಲ. 255ನ್ನೇ 128ರ ಪ್ರಮಾಣದಲ್ಲಿ ಇಳಿಸಿದರೂ 128 ತಾನೆ? ಅಂಚಿನ ಪಿಕ್ಸೆಲಿನಲ್ಲಿ ಕೆಂಪು 200, ಆಲ್ಫಾ 128 ಕಂಡರೆ ಅದು ಹಾಗೆ ಗುಣಿಸಿದ ಫೈಲ್ ಅಲ್ಲ. ಮೀರಿದ್ದು ಎಲ್ಲೂ ಸಿಗದಿದ್ದರೆ ಪ್ರಿಮಲ್ಟಿಪ್ಲೈಡ್ ಇರಬಹುದು, ಆದರೆ ಖಾತ್ರಿಯಿಲ್ಲ. ಕಪ್ಪು ಕೂದಲಿನ ಸ್ಟ್ರೇಟ್ ಚಿತ್ರದಲ್ಲೂ ಬಣ್ಣದ ಅಂಕಿಗಳು ಕಡಿಮೆಯೇ ಇರುತ್ತವೆ. ಹೀಗಾಗಿ ಆಫ್ಟರ್ ಎಫೆಕ್ಟ್ಸ್‌ನ `Guess` ಗುಂಡಿಯನ್ನು ನಾನು ನಂಬುವುದಿಲ್ಲ. ಚಿತ್ರವನ್ನು ಕಪ್ಪು, ಬಿಳಿ, ಕಡು ಹಸಿರು ಹೀಗೆ ಮೂರು ಹಿನ್ನೆಲೆಗಳ ಮೇಲೆ ಸಾಲಾಗಿ ಇಟ್ಟು ನೋಡುವುದೇ ಮೇಲು.

ಬಿಳಿಯ ಮೇಲೆ ಕಪ್ಪು ಗೆರೆ ಕಂಡು ಕಪ್ಪಿನ ಮೇಲೆ ಕಾಣದಿದ್ದರೆ `Interpret Footage`ಗೆ ಹೋಗಿ `Straight` ಬದಲು `Premultiplied` ಆರಿಸಿ. ಬ್ಲೆಂಡರ್‌ನಲ್ಲೂ ಚಿತ್ರದ `Alpha` ಆಯ್ಕೆಯಲ್ಲಿ ಈ ಎರಡು ಹೆಸರುಗಳೇ ಇವೆ. ಕಪ್ಪಿನ ಮೇಲೆ ಬಿಳಿ ಗೆರೆ ಕಂಡರೆ ಚಿತ್ರ ಬಿಳಿಯೊಡನೆ ಬೆರೆತಿರುವ ಸಾಧ್ಯತೆ ಹೆಚ್ಚು, ಬಿಳಿ ಪರದೆಯ ಮುಂದೆ ತೆಗೆದ ಫೋಟೋಗಳಲ್ಲಿ ಇದು ಸಾಮಾನ್ಯ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದೇ ಜಾಗದಲ್ಲಿ ಬೆರೆತ ಬಣ್ಣ ಬಿಳಿ ಎಂದು ತಿಳಿಸಬಹುದು, ಫೋಟೋಶಾಪ್‌ನಲ್ಲಿ `Remove White Matte` ಆಜ್ಞೆ ಇದೆ. ಅಂಚು ಸವರುವ ಕೆಲಸಕ್ಕೆ ಕೈಹಾಕುವ ಮೊದಲು ಇವನ್ನು ನೋಡಿ. ಸವರಿದ ಕೂದಲೆಳೆ ಮರಳಿ ಬಾರದು, ಓದುವ ರೀತಿ ಬದಲಿಸಿದರೆ ಒಂದು ಎಳೆಯೂ ಹೋಗದು.

ಯಾವ ಆಯ್ಕೆಯಿಂದಲೂ ಸರಿಹೋಗದ ಒಂದು ಸಂದರ್ಭ ಬೆಂಕಿಯದು. ದೊಂದಿಯ ಜ್ವಾಲೆ ಬೆಳಕು ಕೊಡುತ್ತದೆ, ಹಿಂದಿನದನ್ನು ಹೆಚ್ಚೇನೂ ಮುಚ್ಚುವುದಿಲ್ಲ. ಪ್ರಿಮಲ್ಟಿಪ್ಲೈಡ್‌ನಲ್ಲಿ ಅದನ್ನು ಬಣ್ಣ 180, 90, 20, ಆಲ್ಫಾ 0 ಎಂದು ಬರೆಯಬಹುದು. ಸೂತ್ರದಂತೆ ಹಿನ್ನೆಲೆ ಪೂರ್ತಿ ಉಳಿದು ಅದರ ಮೇಲೆ ಬೆಳಕು ಸೇರುತ್ತದೆ. ಮೇಲೆ ಹೇಳಿದ ಪರೀಕ್ಷೆಗೂ ಇಂಥ ಜ್ವಾಲೆ ಅಪವಾದ. ಸ್ಟ್ರೇಟ್‌ಗೆ ತರಬೇಕೆಂದರೆ ಆಲ್ಫಾದಿಂದ ಭಾಗಿಸಬೇಕು, ಸೊನ್ನೆಯಿಂದ ಭಾಗಿಸಲಾಗದು. ಹೀಗಾಗಿ ಓಪನ್‌ಇಎಕ್ಸ್‌ಆರ್‌ನಲ್ಲಿ ಉರಿಯುತ್ತಿದ್ದ ದೊಂದಿ ಪಿಎನ್‌ಜಿಗೆ ಬರುವಾಗ ಹೊಳಪು ಕಳೆದುಕೊಳ್ಳುತ್ತದೆ. ಪಿಎನ್‌ಜಿಯಲ್ಲೇ ಕೊಡಬೇಕಾಗಿ ಬಂದರೆ ಜ್ವಾಲೆಯನ್ನು ಬೇರೆ ಮಾಡಿ, ಕಪ್ಪು ಹಿನ್ನೆಲೆಯ ಮೇಲೆ ಆಲ್ಫಾ ಇಲ್ಲದ ಚಿತ್ರವಾಗಿ ಉಳಿಸಿ, ಅದನ್ನು `Add` ಬ್ಲೆಂಡಿಂಗ್‌ನಲ್ಲಿ ವೇಷದ ಮೇಲೆ ಇಡುವಂತೆ ಎಡಿಟರ್‌ಗೆ ಬರೆದು ತಿಳಿಸಬೇಕು.