ರಾಗಿ ಹೊಲದ ಕ್ಷೇತ್ರೋತ್ಸವ: ತಯಾರಿ ಶುರುವಾಗುವುದು ಬಿತ್ತನೆಯ ದಿನ

ನವೆಂಬರ್ ಬಂತೆಂದರೆ ಹಳೇ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಶಾಮಿಯಾನ ಏಳುತ್ತದೆ. ಬದುವಿನ ಮೇಲೊಂದು ಬ್ಯಾನರ್, ಅದರ ಮೇಲೆ 'ಕ್ಷೇತ್ರೋತ್ಸವ' ಎಂಬ ದಪ್ಪ ಅಕ್ಷರ. ಬಂದವರಲ್ಲಿ ಅರ್ಧದಷ್ಟು ಜನ ಹೊಲದೊಳಗೆ ಕಾಲಿಡದೆ, ಭಾಷಣ ಕೇಳಿ, ಊಟ ಮಾಡಿ ಮನೆಗೆ ಹೋಗುತ್ತಾರೆ. ತಪ್ಪು ಅವರದಲ್ಲ. ನೋಡುವಂಥದ್ದು ಹೊಲದಲ್ಲಿ ಇರಬೇಕಾದರೆ ಅದನ್ನು ಮೂರೂವರೆ ತಿಂಗಳ ಹಿಂದೆಯೇ ಬಿತ್ತಿರಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಊರಿನ ರೈತರಿಗೆ ಗುಳಿ ರಾಗಿ ಪದ್ಧತಿ ತೋರಿಸಬೇಕು, ನೂರು ಜನ ಬರುತ್ತಾರೆ. ಒಂದು ಎಕರೆಯಲ್ಲಿ ಒಂದೂವರೆ ಅಡಿ ಅಂತರದಲ್ಲಿ ಗುಳಿ ತೆಗೆದು, ಗುಳಿಗೆರಡರಂತೆ ಪೈರು ನಾಟಿ ಮಾಡಿದ ಬೆಳೆ ಇರುತ್ತದೆ. ಪಕ್ಕದ ಎಕರೆಯಲ್ಲಿ ಎಲ್ಲರೂ ಮಾಡುವಂತೆ ಕೂರಿಗೆಯಲ್ಲಿ ಬಿತ್ತಿದ ಬೆಳೆ. ಈ ಪಕ್ಕದ ತಾಕೇ ಕ್ಷೇತ್ರೋತ್ಸವದ ಜೀವ. ಅದಿಲ್ಲದೆ ಹೊಸ ಪದ್ಧತಿಯ ಬೆಳೆಯನ್ನು ಒಂಟಿಯಾಗಿ ತೋರಿಸಿದರೆ, 'ಇವನ ಭೂಮಿ ಒಳ್ಳೇದು, ಬೆಳೀತು' ಎಂದು ಜನ ಹೊರಟುಬಿಡುತ್ತಾರೆ. ಎರಡೂ ತಾಕಿಗೆ ಒಂದೇ ತಳಿ, ಒಂದೇ ಗೊಬ್ಬರ ಇರಬೇಕು. ಒಂದು ಕಡೆ ಜಿಪಿಯು-28, ಇನ್ನೊಂದು ಕಡೆ ಮನೆಯ ಹಳೇ ಬೀಜ ಹಾಕಿದರೆ, ಇಳುವರಿ ಹೆಚ್ಚಿದ್ದು ತಳಿಯಿಂದಲೋ ಪದ್ಧತಿಯಿಂದಲೋ ಎಂದು ಕೇಳಿದವರಿಗೆ ಉತ್ತರ ಕೊಡಲಾಗದು.

ಜಿಪಿಯು-28 ಸುಮಾರು 110ರಿಂದ 115 ದಿನದ ತಳಿ. ಜುಲೈ ಕೊನೆಗೆ ಬಿತ್ತಿದರೆ ನವೆಂಬರ್ ಮಧ್ಯದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕೊಯ್ಲಿಗೆ ವಾರವಿರುವಾಗ, ತೆನೆ ಬಲಿತು ಪೈರು ಇನ್ನೂ ನಿಂತಿರುವಾಗ, ಜನರನ್ನು ಕರೆಯಬೇಕು. ಆದರೆ ಇಲ್ಲೊಂದು ತೊಡಕಿದೆ. ತೆನೆ ಬಲಿತ ಹೊಲದಲ್ಲಿ ನಾಟಿ ಮಾಡುವುದನ್ನು ತೋರಿಸುವುದು ಹೇಗೆ? ಗುಳಿ ರಾಗಿಯಲ್ಲಿ ಎಳೆಯ ಪೈರಿನ ಮೇಲೆ ಕೊರಡು ಎಳೆದು ಬಾಗಿಸುತ್ತಾರೆ, ಆಗ ತೆಂಡೆ ಹೆಚ್ಚು ಒಡೆಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, 'ಬೆಳೆ ಸತ್ತು ಹೋಗಲ್ವಾ ಸ್ವಾಮಿ?' ಎಂದೇ ಕೇಳುತ್ತಾರೆ. ಅದಕ್ಕಾಗಿ ಕಾರ್ಯಕ್ರಮಕ್ಕೆ ಏಳು ವಾರ ಇರುವಾಗ ಹೊಲದ ಅಂಚಿನಲ್ಲಿ ಸಣ್ಣ ಸಸಿಮಡಿ ಮಾಡಿ, ಮೂರು ವಾರದ ಸಸಿಯನ್ನು ಒಂದು ಪಟ್ಟಿಯಲ್ಲಿ ನಾಟಿ ಹಾಕಿರಬೇಕು. ಆ ದಿನಕ್ಕೆ ಅದು ಕೊರಡು ಎಳೆಯುವ ಹದಕ್ಕೆ ಬಂದಿರುತ್ತದೆ. ನಾಟಿ ತೋರಿಸಲು ಮೂರು ವಾರ ಇರುವಾಗ ಇನ್ನೊಂದು ಮಡಿ. ನೀರು ಕಟ್ಟಿ ಈ ಎರಡು ತುಂಡು ಬೆಳೆಸುವ ತಾಪತ್ರಯವನ್ನು ಬಹುತೇಕ ಸಂಘಟಕರು ಬೇಡವೆಂದು ಬಿಡುತ್ತಾರೆ. ಪ್ರಾತ್ಯಕ್ಷಿಕೆ ಭಾಷಣವಾಗಿ ಮುಗಿಯಲು ಇದೇ ಮುಖ್ಯ ಕಾರಣ.

ಇನ್ನು ಇಳುವರಿ. 'ಎಕರೆಗೆ ಇಷ್ಟು ಕ್ವಿಂಟಲ್' ಎಂದು ಮೈಕಿನಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ, ತೂಗಿ ತೋರಿಸಬೇಕು. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಹಗ್ಗ ಕಟ್ಟಿ ಅಳೆದು, ಅದರೊಳಗಿನ ತೆನೆಯನ್ನೆಲ್ಲ ಕೊಯ್ದು ತೂಗುವುದು ಬೆಳೆ ಕಟಾವು ಪ್ರಯೋಗದ ರೀತಿ. ಒಂದು ಎಕರೆಯಲ್ಲಿ ಇಂಥ ಚೌಕಗಳು ಸುಮಾರು 162 ಆಗುತ್ತವೆ. ಗುಳಿ ತಾಕಿನ ಚೌಕದಲ್ಲಿ 7.4 ಕಿಲೋ, ಕೂರಿಗೆ ತಾಕಿನಲ್ಲಿ 5.2 ಕಿಲೋ ಕಾಳು ಬಂತೆಂದುಕೊಳ್ಳಿ. 162ರಿಂದ ಗುಣಿಸಿದರೆ ಎಕರೆಗೆ ಹನ್ನೆರಡು ಕ್ವಿಂಟಲ್, ಎಂಟು ಕ್ವಿಂಟಲ್ ನಲವತ್ತು ಕಿಲೋ ಎಂದು ಎಲ್ಲರ ಎದುರೇ ಲೆಕ್ಕ ಸಿಗುತ್ತದೆ. ಆದರೆ ಅದೇ ದಿನ ಕೊಯ್ದ ಹಸಿ ತೆನೆಯಿಂದ ಕಾಳು ಸಲೀಸಾಗಿ ಬಿಡುವುದಿಲ್ಲ, ತೇವದಿಂದ ತೂಕವೂ ಹೆಚ್ಚು ತೋರುತ್ತದೆ. ಆದ್ದರಿಂದ ನಾಲ್ಕೈದು ದಿನ ಮೊದಲೇ ಕೊಯ್ದು ಒಣಗಿಸಿಟ್ಟು, ಆ ದಿನ ಟಾರ್ಪಾಲಿನ ಮೇಲೆ ಬಡಿದು, ತೂರಿ, ತೂಗುವುದು ಮೇಲು. ಚೌಕ ಎಲ್ಲಿ ಹಾಕಬೇಕೆಂಬುದನ್ನು ಊರಿನ ಇಬ್ಬರು ರೈತರು ಚೀಟಿ ಎತ್ತಿ ತೀರ್ಮಾನಿಸಲಿ, ಕೊಯ್ಯುವಾಗಲೂ ಎದುರಿಗಿರಲಿ. ಸಂಘಟಕರೇ ಜಾಗ ಆರಿಸಿದರೆ ಕೈ ತಾನಾಗಿ ಒಳ್ಳೆಯ ಬೆಳೆಯ ಕಡೆಗೇ ಹೋಗುತ್ತದೆ.

ಹುಲ್ಲನ್ನೂ ತೂಗಿ. ರಾಗಿ ಬೆಳೆಯುವವನ ಮನೆಯಲ್ಲಿ ದನ ಇರುತ್ತದೆ. ಕಾಳಿನ ಲೆಕ್ಕ ಮುಗಿಯುತ್ತಿದ್ದಂತೆ ಬರುವ ಪ್ರಶ್ನೆ 'ಹುಲ್ಲೆಷ್ಟು ಬಂತು?' ಎಂಬುದೇ. ಅದರ ಹಿಂದೆಯೇ ಕೂಲಿಯ ಪ್ರಶ್ನೆ ಬರುತ್ತದೆ. ಒಂದೂವರೆ ಅಡಿ ಅಂತರವೆಂದರೆ ಎಕರೆಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಗುಳಿ. ಅಷ್ಟು ನಾಟಿಗೆ ಎಷ್ಟು ಆಳು ಹಿಡಿಯಿತು, ಎಷ್ಟು ಕೂಲಿ ಕೊಟ್ಟರು ಎಂಬುದನ್ನು ಹೊಲದ ಯಜಮಾನ ಪುಸ್ತಕ ನೋಡಿ ಹೇಳಬೇಕು. ಈ ಖರ್ಚನ್ನು ಮರೆಮಾಚಿದ ಕ್ಷೇತ್ರೋತ್ಸವ ಮೋಸ ಎಂದೇ ನನ್ನ ಅಭಿಪ್ರಾಯ.

ಮೊದಲ ಮಾತು ಯಜಮಾನನದಾಗಲಿ. ಮನೆಯಾಕೆ ನಾಟಿ, ಕಳೆ ಮಾಡಿದ್ದರೆ ಆಕೆಯದೂ ಆಗಲಿ. ನೂರು ಜನರನ್ನು ಇಪ್ಪತ್ತೈದರ ನಾಲ್ಕು ಗುಂಪು ಮಾಡಿ. ನಾಟಿ, ಕೊರಡು, ನಿಂತ ಬೆಳೆ, ತೂಕ ಎಂದು ನಾಲ್ಕು ಕಡೆ ತಲಾ ಇಪ್ಪತ್ತು ನಿಮಿಷದಂತೆ ತಿರುಗಿಸಿದರೆ ಎಲ್ಲರ ಕೈಗೂ ಪೈರು ಸಿಗುತ್ತದೆ. ಓಡಾಡಲು ಮೂರಡಿ ದಾರಿ ಬಿಟ್ಟಿರದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೆಳೆ ತುಳಿದು ಹೋಗಿರುತ್ತದೆ. ಒಕ್ಕಣೆ ಯಂತ್ರ ಓಡಿಸುವುದಾದರೆ ಸುತ್ತ ಹಗ್ಗ ಕಟ್ಟಿ, ಸೀರೆಯ ಸೆರಗು, ಟವೆಲ್ಲು ಬೆಲ್ಟಿಗೆ ಸಿಗದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಬೇಕು.

ತಜ್ಞರು ಇಬ್ಬರು ಸಾಕು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಬೆಂಕಿರೋಗದ ಬಗ್ಗೆ ಮಾತಾಡುವವರು ರೋಗ ತಗುಲಿದ ತೆನೆಯ ಕುತ್ತಿಗೆಯನ್ನು ಕೈಯಲ್ಲಿ ಹಿಡಿದು ಮಾತಾಡಲಿ. 'ನಿಮ್ಮ ಹೊಲದ ರೋಗದ ಗಿಡ ಕವರಿನಲ್ಲಿ ತನ್ನಿ' ಎಂದು ಆಹ್ವಾನದಲ್ಲೇ ಬರೆದರೆ ತಜ್ಞರ ಮುಂದೆ ಮೇಜು ತುಂಬುತ್ತದೆ, ಪ್ರಶ್ನೆ ಕೇಳಿ ಎಂದು ಗೋಗರೆಯುವ ಕೆಲಸ ಉಳಿಯುವುದಿಲ್ಲ. ಗಣ್ಯರ ಸನ್ಮಾನವನ್ನು ಹೊಲ ಸುತ್ತಿದ ಮೇಲೆ ಇಡಿ. ಮೊದಲಿಗಿಟ್ಟರೆ, ತಡವಾಗಿ ಬರುವ ಗಣ್ಯರಿಗಾಗಿ ಕಾದು ಬಿಸಿಲೇರುತ್ತದೆ.

ದಿನಕ್ಕೆ ಸೋಮವಾರ ಚೆನ್ನ, ಅನೇಕ ಊರುಗಳಲ್ಲಿ ಅಂದು ಎತ್ತು ಹೂಡುವುದಿಲ್ಲ. ಸುತ್ತಿನ ಸಂತೆ ಅದೇ ದಿನವಿಲ್ಲವೆಂದು ನೋಡಿಕೊಳ್ಳಿ. ಡೇರಿಗೆ ಹಾಲು ಹಾಕಿ, ತಿಂಡಿ ಮುಗಿಸಿ ಬರುವ ಹೊತ್ತಿಗೆ, ಅಂದರೆ ಹತ್ತೂವರೆಗೆ ಶುರುಮಾಡಿ ಒಂದೂವರೆಗೆ ಎಲೆ ಹಾಕಬೇಕು.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ ಸಾಕು. ಕಿಲೋ ಹಿಟ್ಟಿಗೆ ಸಾಧಾರಣ ಗಾತ್ರದ ಹತ್ತು ಮುದ್ದೆ ಬರುತ್ತದೆ. ತಲೆಗೆ ಒಂದೂವರೆಯಂತೆ ಹದಿನೈದು ಕಿಲೋ ಹಿಟ್ಟು ಬೇಕು. ಮುದ್ದೆ ಬಿಸಿಯಿದ್ದಾಗಲೇ ಬಡಿಸಬೇಕಾದ್ದರಿಂದ ಅಡುಗೆಯವರಿಗೆ ಹೊಲದಿಂದ ಸುದ್ದಿ ಮುಟ್ಟಿಸಲು ಒಬ್ಬ ಹುಡುಗ ಬೇಕು. ಕೊನೆಯ ಗುಂಪು ತೂಕದ ಕಡೆಗೆ ಹೊರಟಾಗ ಎಸರಿಗೆ ಹಿಟ್ಟು ಬೀಳಲಿ. ಒಲೆ ಬಣವೆಯಿಂದ ದೂರ, ಗಾಳಿಯ ಎದುರು ದಿಕ್ಕಿಗಿರದಂತೆ ಹೂಡಿ. ಅಡುಗೆಗೆ ಬೇರೆ ಜನ ಗೊತ್ತುಮಾಡಿ. ಯಜಮಾನನ ಮನೆಯ ಹೆಂಗಸರನ್ನು ಒಲೆ ಮುಂದೆ ಕೂರಿಸಿದರೆ ಆ ಬೆಳೆಯನ್ನು ಚೆನ್ನಾಗಿ ಬಲ್ಲವರೇ ಹೊಲದಲ್ಲಿ ಇರುವುದಿಲ್ಲ. ತಜ್ಞರಿಗೆ ಪ್ರತ್ಯೇಕ ಮೇಜು ಹಾಕಬೇಡಿ. ಸಭೆಯಲ್ಲಿ ಬಾಯಿಬಿಡದ ರೈತ ಪಕ್ಕದ ಎಲೆಯವರನ್ನು ಕೇಳುತ್ತಾನೆ.

ಕೈತೊಳೆಯುವ ಜಾಗದಲ್ಲೇ ಒಂದು ನೋಟ್‌ಬುಕ್ ಇಟ್ಟು, ಮುಂದಿನ ಸಲ ಗುಳಿ ರಾಗಿ ಹಾಕುತ್ತೇನೆ ಎನ್ನುವವರ ಹೆಸರು, ಫೋನ್ ನಂಬರು ಬರೆಸಿಕೊಳ್ಳಿ. ಮುಂದಿನ ಜುಲೈನಲ್ಲಿ ಅವರಿಗೆ ಫೋನ್ ಮಾಡಿ. ಎಷ್ಟು ಜನ ಊಟ ಮಾಡಿದರು ಎಂಬುದಕ್ಕಿಂತ ಅವರಲ್ಲಿ ಎಷ್ಟು ಜನ ಸಸಿಮಡಿ ಹಾಕಿದರು ಎಂಬುದೇ ಲೆಕ್ಕ. ನಿಮ್ಮೂರಲ್ಲಿ ಕ್ಷೇತ್ರೋತ್ಸವ ಬೇಕೆಂದಿದ್ದರೆ ನವೆಂಬರಿನವರೆಗೆ ಕಾಯದೆ, ಜೂನ್ ತಿಂಗಳಲ್ಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಕೇಳಿ.